ಆರೂವರಿ ಅಂದ್ರ ಮುಂಜಾನೆನೋ, ಸಂಜೀನೋ?

ಕಸದ ಗಾಡಿ ಬರೋ ಟೈಮ್ ಬದಲಾತು. ಸುದ್ದಿ ಅಂದ್ರ ಇಷ್ಟ. ಇದರ ಮ್ಯಾಲೆ ಏನ ಬರೀತಾಳಪಾ ಇಕಿ ಅಂತ ನೀವು ಅನಬಹುದು. ಆದರ ಆ ಒಂದ ಸುದ್ದಿ ನಮ್ಮ ಕಾಲೋನಿಯ ಎಲ್ಲಾ ಮನಿಗೆ ಸರಿಯಾಗಿ ಮುಟ್ಟಲಿಕ್ಕೆ ಮೂರು ವಾರ ಹಿಡೀತು. ಆ ಮೂರು ವಾರದಾಗ ನಾನೂ ಒಂದು ತಪ್ಪು ಮಾಡಿದೆ. ಅದನ್ನ ಹೇಳಿ ಹಗುರಾಗೋಣ ಅಂತ ಕೂತೀನಿ.

ನಮ್ಮದು ಧಾರವಾಡದಾಗ ಆರು ಕ್ರಾಸಿನ ಸಣ್ಣ ಕಾಲೋನಿ. ನಾವಿರೋದು ನಾಲ್ಕನೇ ಕ್ರಾಸಿನ್ಯಾಗ, ಇಲ್ಲೆ ಇಪ್ಪತ್ತೆರಡು ಮನಿ ಅವ. ಕಸದ ಗಾಡಿ ಎಷ್ಟೋ ವರ್ಷದಿಂದ ಮುಂಜಾನೆ ಒಂಬತ್ತರ ಸುಮಾರಿಗೆ ಬರ್ತಿತ್ತು. ಹುಡುಗ್ರು ಸಾಲಿಗೆ ಹೋಗಿರ್ತಿದ್ರು, ನಮ್ಮನಿಯವ್ರು ಆಫೀಸಿಗೆ ಹೊಂಟಿರ್ತಿದ್ರು, ನಾನು ಒಲಿ ಆರಿಸಿ ಬಕೆಟ್ ಹಿಡಕೊಂಡು ಹೊರಗ ನಿಂದರ್ತಿದ್ದೆ. ಓಣಿ ಹೆಂಗಸರೆಲ್ಲಾ ದಿನಕ್ಕ ಒಂದ ಸಲ ಒಬ್ಬರ ಮಾರಿ ಒಬ್ಬರು ನೋಡೋದು ಅವಾಗನ.

2024ರ ಜೂನ್ 6, ಗುರುವಾರ ಸಂಜಿಮುಂದ ನಮ್ಮ ನಿವಾಸಿಗಳ ಸಂಘದ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಸಂಘದ ಲೆಟರ್ ಹೆಡ್, ಕೆಳಗ ನೀಲಿ ಶಿಕ್ಕಾ, ನಡುವ ಸಣ್ಣ ಅಕ್ಷರ. ಬರದಾವ್ರು ನಮ್ಮ ಕಾರ್ಯದರ್ಶಿ ಸರ್, ಹೈಸ್ಕೂಲಿನ ಹೆಡ್ ಮಾಸ್ತರ್ ಆಗಿ ರಿಟೈರ್ ಆದಾವ್ರು. ಅವರ ಕನ್ನಡಕ್ಕ ನಾವೆಲ್ಲಾ ಕೈ ಮುಗೀತೀವಿ. ನೋಟಿಸ್ ಹಿಂಗಿತ್ತು:

"ಸಮಸ್ತ ನಿವಾಸಿಗಳ ಗಮನಕ್ಕೆ. ಘನತ್ಯಾಜ್ಯ ಸಂಗ್ರಹಣೆಯ ವೇಳಾಪಟ್ಟಿಯನ್ನು ಮುಂದಿನ ಸೋಮವಾರದಿಂದ ಜಾರಿಗೆ ಬರುವಂತೆ ಪರಿಷ್ಕರಿಸಲಾಗಿದ್ದು, ಈ ಮೊದಲಿನ 9.00 ಘಂಟೆಯ ಬದಲಿಗೆ 6.30 ಘಂಟೆಗೆ ವಾಹನವು ಆಗಮಿಸಲಿದೆ. ನಿವಾಸಿಗಳು ತ್ಯಾಜ್ಯವನ್ನು ಮೂಲದಲ್ಲಿಯೇ ವಿಂಗಡಿಸಿ ನೀಡಿ ಸಹಕರಿಸಬೇಕಾಗಿ ವಿನಂತಿ."

ಒಂದ ತಪ್ಪಿಲ್ಲ ನೋಡ್ರಿ. ವ್ಯಾಕರಣ ಸರಿ, ಮಾಹಿತಿ ಸರಿ. ಗ್ರೂಪಿನ್ಯಾಗ ಮೂವತ್ತು ಮಂದಿ ಕೈ ಮುಗದ್ರು, ಹತ್ತು ಮಂದಿ ಹೆಬ್ಬಟ್ಟು ಎತ್ತಿದ್ರು. ನಾನೂ ಎತ್ತಿದೆ. ಎಲ್ಲಾರಿಗೂ ತಿಳೀತು ಅಂತ ಸರ್ ಸಮಾಧಾನ ಮಾಡ್ಕೊಂಡ್ರು.

ಸೋಮವಾರ ಜೂನ್ 10, ಗಾಡಿ ಬಂತು. ನಮ್ಮ ಕ್ರಾಸಿನ್ಯಾಗ ಬಕೆಟ್ ಹಿಡಕೊಂಡು ಹೊರಗ ಬಂದಾವ್ರು ಏಳು ಮನಿಯವ್ರು. ಇನ್ನ ಹದಿನೈದು ಮನಿ ಬಾಗಲಾ ತಗದಿರಲಿಲ್ಲ. ಒಂಬತ್ತಕ್ಕ ಆ ಹದಿನೈದು ಮಂದಿ ಬಂದು ನಿಂತ್ರು, ಹತ್ತು ನಿಮಿಷ ದಾರಿ ನೋಡಿದ್ರು. ಆಮ್ಯಾಲೆ ಕೆಲವರು ಬಕೆಟ್ ಒಳಗ ಒಯ್ದ್ರು. ಕೆಲವರು ಅತ್ತಾಗ ಇತ್ತಾಗ ನೋಡಿ ಮೂಲಿ ಲೈಟಿನ ಕಂಬದ ಬುಡಕ್ಕ ಚೀಲಾ ಇಟ್ಟು ಬಂದ್ರು.

ಕಂಬದ ಬುಡಕ ಮೊದಲನೇ ಚೀಲ ಬಿತ್ತಂದ್ರ ಕಥಿ ಮುಗೀತು. ಎರಡನೇದು ಇಡಾವ್ರಿಗೆ ನಾಚಿಕಿ ಆಗೂದಿಲ್ಲ, ಮೂರನೇದಕ್ಕ ನಾಯಿ ಬರ್ತದ, ನಾಯಿ ಹರದಿದ್ದಕ್ಕ ಆಕಳ ಬಾಯಿ ಹಾಕ್ತದ. ಪಾಲಿಕಿಯವ್ರು ಇಂಥಾ ಜಾಗಕ್ಕ 'ಬ್ಲ್ಯಾಕ್ ಸ್ಪಾಟ್' ಅಂತಾರ. ಗುರುವಾರದೊಳಗ ನಮ್ಮ ಮೂಲಿಗೂ ಆ ಪದವಿ ಸಿಕ್ತು. ಮ್ಯಾಲೆ ಜಿಟಿಜಿಟಿ ಮಳಿ, ಕೇಳಬ್ಯಾಡ್ರಿ.

ಗ್ರೂಪಿನ್ಯಾಗ ಬೈದಾಟ ಸುರು ಆತು. ಮಂದಿಗೆ ಬುದ್ಧಿ ಇಲ್ಲ ಅಂದ್ರು, ಬಾಡಗಿ ಮನಿಯವ್ರ ಕೆಲಸ ಅಂದ್ರು, ರಾತ್ರಿ ಹೊರಗಿನಾವ್ರು ಬಂದು ಒಗದು ಹೋಗ್ತಾರ ಅಂದ್ರು. ನಾನೂ ಅದನ್ನ ನಂಬಿದ್ದೆ. ಆದರ ಒಂದಿನಾ ಮ್ಯಾಲಿನ ಗಚ್ಚಿಗೆ ಹಪ್ಪಳ ಒಣಗಲಿಕ್ಕೆ ಹಾಕಲಿಕ್ಕೆ ಹೋದಾಗ ಲಕ್ಷ್ಯ ಇಟ್ಟು ನೋಡಿದೆ. ರಾತ್ರಿ ಯಾರೂ ಬಂದಿರಲಿಲ್ಲ, ಮುಂಜಾನೆ ಎಂಟಕ್ಕೂ ಕಂಬದ ಬುಡ ಸ್ವಚ್ಛ ಇತ್ತು. ಚೀಲಾ ಬಿದ್ದಿದ್ದು ಒಂಬತ್ತೂಕಾಲರಿಂದ ಹತ್ತರೊಳಗ. ಅಂದ್ರ ಇವರು ಗಾಡಿ ಸಲುವಾಗಿ ಒಂಬತ್ತಕ್ಕ ಬಂದು ನಿಂತು, ಬರಲಿಲ್ಲ ಅಂತ ಇಟ್ಟು ಹೋದಾವ್ರು. ಕಸ ಒಗಿಯಾವ್ರಲ್ಲ, ಗಾಡಿ ತಪ್ಪಿಸಿಕೊಂಡಾವ್ರು. ಆ ಚೀಲಾ ಬೀಳೋ ಟೈಮನ ಹೇಳತಿತ್ತು ತಪ್ಪು ಎಲ್ಲೆ ಅದ ಅಂತ. ಅದನ್ನ ಓದಲಿಕ್ಕೆ ನಮಗ ಬರಲಿಲ್ಲ.

ಇನ್ನ ನನ್ನ ತಪ್ಪಿಗೆ ಬರ್ತೀನಿ.

ನಮ್ಮ ಓಣಿ ಮೂಲಿಗೆ ಒಬ್ಬರು ಅಜ್ಜಿ ಇದ್ದಾರ, ನಾವೆಲ್ಲಾ ಮೂಲಿಮನಿ ಅಜ್ಜಿ ಅಂತೀವಿ. ಎಂಬತ್ತರ ಸನೇಕ ಬಂದಾರ. ಅಜ್ಜಾರು ತೀರಿಕೊಂಡು ಆರು ವರ್ಷ ಆತು, ಮಗ ಪುಣೇದಾಗ. ಕಿವಿ ಮಂದ, ಮೊಣಕಾಲು ನೋವು, ಆದರ ಅಡಿಗಿ ಮಾತ್ರ ತಮ್ಮದ ತಾವ ಮಾಡ್ಕೋತಾರ. ಆ ವಾರ ಸಂಜಿ ದೀಪಾ ಹಚ್ಚೋ ಹೊತ್ತಿಗೆ ನೋಡ್ತೀನಿ, ಅಜ್ಜಿ ಗೇಟಿನ ಹೊರಗ ಕಸದ ಬಕೆಟ್ ಇಟ್ಟು ಕಟ್ಟಿ ಮ್ಯಾಲೆ ಕೂತಾರ. ಮರುದಿನನೂ ಹಂಗ. ಮೂರನೇ ದಿನಾ ಒಂದು ನಾಯಿ ಆ ಬಕೆಟ್ ಕೆಡವಿ ನಮ್ಮ ಗೇಟಿನ ತನಕ ಸಿಪ್ಪಿ ಎಳಕೊಂಡು ಬಂತು. ನಾನು ಆಗಷ್ಟ ಅಂಗಳಾ ತೊಳದಿದ್ದೆ. ಸಿಟ್ಟಿಗೆ ಹೋಗಿ ಅಂದಬಿಟ್ಟೆ, "ಏನ್ ಅಜ್ಜಿ ಇದು, ರಾತ್ರಿ ಹೊತ್ತು ಯಾರರ ಕಸ ಹೊರಗ ಇಡ್ತಾರೇನು? ನೀವ ಹಿಂಗ ಮಾಡಿದ್ರ ಹೆಂಗ!"

ಅಜ್ಜಿ ಏನೂ ಅನಲಿಲ್ಲ. ಬಕೆಟ್ ಎತಗೊಂಡು ಒಳಗ ಹೋದ್ರು. ಆಮ್ಯಾಲೆ ಹೊರಗ ಇಡೋದ ಬಂದ್ ಆತು. ನಾನು, ಪಾಡಾತು, ತಿಳೀತು ಇವರಿಗೆ, ಅಂತ ಅನಕೊಂಡೆ.

ಕಾರಹುಣ್ಣಿವಿಗೆ ಹೋಳಿಗಿ ಮಾಡಿದ್ದೆ. ಒಂದ ತಾಟಿನ್ಯಾಗ ನಾಲ್ಕು ಇಟಗೊಂಡು ಅಜ್ಜಿ ಮನಿಗೆ ಹೋದೆ. ಅಡಿಗಿಮನ್ಯಾಗ ಕಾಲಿಟ್ಟರ ಒಗ್ಗರಣಿ ವಾಸನಿನ ಇಲ್ಲ. ಹಾಲು ಇಡೋಣ ಅಂತ ಫ್ರಿಜ್ ತಗದೆ. ಮ್ಯಾಲಿನ ಐಸಿನ ಖಾನಾದಾಗ ಗಂಟು ಹಾಕಿದ ಸಣ್ಣ ಸಣ್ಣ ಚೀಲಾ. ಏನವು ಅಂತ ನೋಡಿದ್ರ ಬಾಳಿಹಣ್ಣಿನ ಸಿಪ್ಪಿ, ಚಹಾದ ಪುಡಿ!

"ಅಜ್ಜಿ, ಇದೇನ್ರಿ?"

"ಗಾಡಿ ಸಂಜಿ ಆರೂವರಿಗೆ ಬರ್ತದಂತ ಬರದಿದ್ರಲ್ಲವಾ. ನಾಲ್ಕು ದಿನಾ ಕಾಯ್ದೆ, ಬರಲಿಲ್ಲ. ಹೊರಗ ಇಟ್ಟರ ನಿಮಗ ತ್ರಾಸು ಆಗ್ತದ. ಒಳಗ ಇಟ್ಟರ ನಾರತದ. ಅದಕ ಇಲ್ಲೆ ಇಟ್ಟೀನಿ. ಪಲ್ಯಾ ಮಾಡೋದ ಬಿಟ್ಟೀನವಾ, ಪಲ್ಯಾ ಮಾಡಿದ್ರ ಸಿಪ್ಪಿ ಬರ್ತದ. ಅನ್ನಾ ಮೊಸರು ನಡೀತದ ನನಗ, ಏನಾಗ್ಬೇಕದ?"

ಹತ್ತು ದಿನಾ ಆಗಿತ್ತು ಆ ಜೀವ ಕಾಯಿಪಲ್ಯಾ ತಿಂದು. ಕಸ ಎಲ್ಲೆ ಇಡಲಿ ಅಂತ. ನಾನು ಆ ಹೋಳಿಗಿ ತಾಟು ಹೆಂಗ ಇಟ್ಟು ಬಂದೆನೋ ನನಗ ಗೊತ್ತು.

ಅವತ್ತ ರಾತ್ರಿ ಆ ನೋಟಿಸನ್ನ ಮತ್ತೊಮ್ಮೆ ಓದಿದೆ. 6.30 ಘಂಟೆ ಅಂತ ಇತ್ತು, ಮುಂಜಾನೆ ಅಂತ ಇರಲ ಇಲ್ಲ. ಬರದಾವ್ರ ತಲ್ಯಾಗ ಮುಂಜಾನೆ ಇತ್ತು, ಹಿಂಗಾಗಿ ಬರಿಯೋದ ಮರ್ತ್ರು. ಓದಿದ ನಮ್ಮ ತಲ್ಯಾಗ ಮೊದಲ ಮಾತು ಗೊತ್ತಿತ್ತು, ಹಿಂಗಾಗಿ ಇಲ್ಲ ಅಂತ ಕಾಣಲಿಲ್ಲ. ಅಜ್ಜಿ ಒಬ್ಬರ ಇದ್ದದ್ದನ್ನ ಇದ್ದಂಗ ಓದಿದಾವ್ರು. ಅಷ್ಟು ನಸುಕಿನ್ಯಾಗ ಕಸದ ಗಾಡಿ ಬರ್ತದಂತ ಯಾರ ಅನಕೋತಾರ, ನೀವ ಹೇಳ್ರಿ.

ಮರುದಿನ ಕ್ರಾಸಿನ ಹತ್ತು ಮನಿ ಕೇಳಕೋತ ಹೋದೆ. ಒಬ್ಬೊಬ್ಬರ ಕಥಿ ಒಂದೊಂದು. 'ಮುಂದಿನ ಸೋಮವಾರ' ಅಂದದ್ದಕ್ಕ ಅರ್ಧ ಮಂದಿ ಇನ್ನ ನಾಲ್ಕು ದಿನಕ್ಕ ಬರೋ ಜೂನ್ 10 ಅಂತ ತಿಳಕೊಂಡಿದ್ರು, ಇನ್ನರ್ಧ ಮಂದಿ 'ಈ ಸೋಮವಾರ ಬಿಟ್ಟು ಮುಂದಿಂದು' ಅಂತ 17 ಹಿಡದಿದ್ರು. ಇಬ್ಬರೂ ಸರೀನ. ಗುರುವಾರ ಕೂತು ಮುಂದಿನ ಸೋಮವಾರ ಅಂದ್ರ ಯಾವುದು ಅಂತ ಇವತ್ತಿಗೂ ನಮ್ಮ ಮನ್ಯಾಗ ಒಂದ ಮತ ಇಲ್ಲ. ಇನ್ನ ಕೆಲವರಿಗೆ ನೋಟಿಸಿನ್ಯಾಗ ಮೊದಲ ಕಂಡದ್ದು 9.00. ಅವರು ಅಷ್ಟ ಓದಿ, "ಒಂಬತ್ತಕ್ಕ, ಯಾವಾಗಿನಂಗ" ಅಂತ ಫೋನ್ ಇಟ್ಟಿದ್ರು. ಹಳೇ ಟೈಮನ್ನ ಹೊಸಾ ನೋಟಿಸಿನ್ಯಾಗ ಬರದ್ರ ಮಂದಿ ತಲ್ಯಾಗ ಉಳಿಯೋದು ಹಳೇದ ನೋಡ್ರಿ, ಅದಕ್ಕ ಎಷ್ಟೋ ವರ್ಷದ ರೂಢಿ ಇರ್ತದ.

ಇನ್ನೊಂದು ಪಂಗಡ ಇತ್ತು, ಅವರದು ಪಾಪ ಯಾವ ತಪ್ಪೂ ಇಲ್ಲ. ಆರೂವರಿಗೆ ಸರಿಯಾಗಿ ಬಕೆಟ್ ಹಿಡಕೊಂಡು ನಿಂತಿದ್ರು. ಆರನೇ ಕ್ರಾಸಿನಾವ್ರು. ಇಪ್ಪತ್ತು ನಿಮಿಷ ಮಳ್ಯಾಗ ನಿಂತು, ಗಾಡಿ ಬರೂದಿಲ್ಲ ಅಂತ ಒಳಗ ಹೋದ್ರು. ಆಮ್ಯಾಲೆ ಗಾಡಿ ಬಂತು! ಆರೂವರಿ ಅನ್ನೋದು ಗಾಡಿ ಕಾಲೋನಿಗೆ ಕಾಲಿಡೋ ಟೈಮು, ಒಂದನೇ ಕ್ರಾಸಿನ ಬಾಯಿಗೆ. ಆರನೇ ಕ್ರಾಸಿಗೆ ಮುಟ್ಟಲಿಕ್ಕೆ ಮುಕ್ಕಾಲು ತಾಸು ಬೇಕು. ಗಾಡಿ ಹೊಡಿಯಾವ್ರಿಗೆ ಟೈಮು ಅಂದ್ರ ಸುರು ಆಗೋದು, ಮನಿಯವ್ರಿಗೆ ಟೈಮು ಅಂದ್ರ ತಮ್ಮ ಗೇಟು.

ಸರ್ ಮನಿಗೆ ಹೋಗಿ ಎಲ್ಲಾ ಹೇಳಿದೆ. ಬೇಜಾರ ಮಾಡ್ಕೋತಾರೇನೋ ಅಂತ ಅಂಜಿಕಿ ಇತ್ತು. ಸುಮ್ಮನ ಕೇಳಿದ್ರು, ಚಷ್ಮಾ ತಗದು ಒರಸಿದ್ರು. "ಮೂವತ್ತೈದು ವರ್ಷ ಹುಡುಗ್ರ ಪೇಪರ್ ತಿದ್ದೀನಿ ತಂಗಿ, ನನ್ನದ ತಿದ್ದೋದು ಮರ್ತೆ. ನೀನ ಬರಿ, ನಾ ಶಿಕ್ಕಾ ಹೊಡೀತೀನಿ" ಅಂದ್ರು.

ಬರಿಯೋ ಮೊದಲ ಟೈಮು ಖರೇ ಎಷ್ಟು ಅಂತ ಗೊತ್ತಾಗಬೇಕಲ್ಲ. ಜೂನ್ 24ರಿಂದ ಮೂರು ದಿನಾ ಛತ್ರಿ ಹಿಡಕೊಂಡು ಗಾಡಿ ಹಿಂದ ನಡದೆ. ನಮ್ಮನಿಯವ್ರು ನಕ್ಕಿದ್ದ ನಕ್ಕಿದ್ದು. ಗಾಡಿ ಹೊಡಿಯೋ ಹುಡುಗನ್ನ ಕೇಳಿದೆ, "ಯಾಕಪಾ ಇಷ್ಟ ಲಗೂ ಮಾಡೀರಿ?" ಅಂವ ಹೇಳಿದ, "ಅಕ್ಕಾರ, ಒಂದ ಗಾಡ್ಯಾಗ ನಿಮ್ಮ ಕಾಲೋನಿ ಅಷ್ಟ ಅಲ್ಲ, ಬಾಜೂ ಎರಡು ಓಣಿನೂ ಅವ. ನಡುವ ತುಂಬತದ, ಹೋಗಿ ಖಾಲಿ ಮಾಡಿ ಮತ್ತ ಬರಬೇಕು. ಒಂಬತ್ತಕ್ಕ ಸುರು ಮಾಡಿದ್ರ ಸಾಲಿ ಬಸ್ಸು, ಕಾರು, ಗಾಡಿ ತಿರಗೋದ ಇಲ್ಲ. ಎರಡನೇ ಟ್ರಿಪ್ ಮಧ್ಯಾಹ್ನ ಎರಡಕ್ಕ ಆಗ್ತಿತ್ತು. ಆ ಓಣಿಯವ್ರು ದಿನಾ ಬೈತಿದ್ರು." ನಮ್ಮ ಒಂಬತ್ತರ ಅನುಕೂಲದ ಬಾಕಿ ಬ್ಯಾರೆ ಓಣಿ ತೀರಸತಿತ್ತು ಅಂತ ನನಗ ಅವತ್ತ ತಿಳೀತು. ಈ ಕಾರಣ ನೋಟಿಸಿನ್ಯಾಗ ಒಂದ ಸಾಲು ಇದ್ದಿದ್ರ ಗ್ರೂಪಿನ್ಯಾಗ ಅರ್ಧ ಜಗಳ ಆಗ್ತಿರಲಿಲ್ಲ.

ನಾಲ್ಕನೇ ಕ್ರಾಸಿಗೆ ಗಾಡಿ ಬಂದದ್ದು ಸೋಮವಾರ 7.02ಕ್ಕ, ಮಂಗಳವಾರ 6.57ಕ್ಕ, ಬುಧವಾರ 7.09ಕ್ಕ. ಬುಧವಾರ ಯಾಕ ತಡಾ ಅಂದ್ರ ಅವತ್ತ ಒಣ ಕಸನೂ ಕೊಡೋ ದಿನಾ, ಒಂದೊಂದು ಗೇಟಿನ ಮುಂದ ಹೆಚ್ಚು ಹೊತ್ತು ನಿಂದರಬೇಕಾಗ್ತದ. ಹಂಗಾರ ನೋಟಿಸಿನ್ಯಾಗ ಏನ ಬರೀಬೇಕು? ನಮ್ಮನಿಯವ್ರು ಲೆಕ್ಕದಾವ್ರು, ಸರಾಸರಿ ತಗದು 7.03 ಬರಿ ಅಂದ್ರು. ಬರದ್ರ ಸೋಮವಾರ, ಮಂಗಳವಾರ ಎರಡೂ ದಿನಾ ಗಾಡಿ ತಪ್ಪತಿತ್ತು! ಎಲ್ಲಾಕಿಂತ ಲಗೂ ಬಂದದ್ದು ಯಾವುದೋ ಅದಕ್ಕಿಂತ ಒಂದೆರಡು ನಿಮಿಷ ಮೊದಲ ಬರೀಬೇಕು. ಹತ್ತು ನಿಮಿಷ ಕಾಯೋದು ಕಾಯೋದ ಅಷ್ಟ, ಒಂದು ನಿಮಿಷ ತಪ್ಪಿದ್ರ ಕಂಬದ ಬುಡಕ ಚೀಲಾ. ನಾಲ್ಕನೇ ಕ್ರಾಸಿಗೆ 6.55 ಅಂತ ಬರದೆ. ಆರನೇದಕ್ಕ ಲಗೂ ಬಂದದ್ದು 7.12, ಅಲ್ಲೆ 7.10 ಬರದೆ. ಹಿಂಗ ಆರೂ ಕ್ರಾಸಿಗೆ ಆರು ಬ್ಯಾರೆ ಹಾಳಿ.

ಮೊದಲನೇ ಕರಡು ತಯಾರಾತು. ಈ ಸಲ ಹೆಬ್ಬಟ್ಟು ನಂಬಲಿಲ್ಲ ನಾನು. 'ತಿಳೀತೇನು' ಅಂತ ಕೇಳಿದ್ರ ಎಲ್ಲಾರೂ 'ಹೂಂ' ಅಂತಾರ, ಇಲ್ಲ ಅನ್ಲಿಕ್ಕೆ ಯಾರಿಗೂ ಮನಸ್ಸು ಬರೂದಿಲ್ಲ. ಅದಕ್ಕ ಓದಿಸಿ, "ಹಂಗಾರ ನಾಳೆ ನೀವು ಏನೇನ ಮಾಡ್ತೀರಿ, ನನಗ ಹೇಳ್ರಿ" ಅಂತ ಕೇಳಿದೆ. ಅವರು ತಿರುಗಿ ಹೇಳಬೇಕಾದ್ರ ನನ್ನ ತಪ್ಪು ತಾನ ಹೊರಗ ಬಂತು.

ಮೊದಲ ಹಿಡದಾಕಿ ನನ್ನ ಆರನೇತ್ತೆ ಮಗಳು. "ಅವ್ವಾ, ಉಳ್ಳಾಗಡ್ಡಿ ಸಿಪ್ಪಿ ಒಣಗಿರ್ತದಲ್ಲ, ಅದು ಒಣ ಕಸ. ತೊಳದ ಹಾಲಿನ ಪಾಕೀಟು ಹಸಿ ಇರ್ತದ, ಅದು ಹಸಿ ಕಸ." ನಾನು ಬೆರಗಾದೆ. 2016ರ ಘನತ್ಯಾಜ್ಯ ನಿಯಮ ಬಂದಾಗಿಂದ ಮನ್ಯಾಗನ ಹಸಿ, ಒಣ, ಅಪಾಯಕಾರಿ ಅಂತ ಮೂರು ಬ್ಯಾರೆ ಮಾಡ್ರಿ ಅಂತ ನಮಗ ಹೇಳಕೋತ ಬಂದಿದ್ರು. ಬೆಂಗಳೂರಿನ್ಯಾಗಂತೂ ಅದಕ್ಕಿಂತ ಮೊದಲ, 2015ರಾಗ, ಹೈಕೋರ್ಟ್ 'ಎರಡು ಡಬ್ಬಿ, ಒಂದು ಚೀಲ' ಅಂತ ಹೇಳಿತ್ತು. ಇಷ್ಟು ವರ್ಷದಾಗ ಹಸಿ ಅಂದ್ರ ನೀರು ಹತ್ತಿದ್ದು ಅಲ್ಲ, ಕೊಳಿಯೋದು ಅಂತ ಈ ಹುಡುಗಿಗೆ ಯಾರೂ ಹೇಳಿರಲ ಇಲ್ಲ, ಅವರವ್ವಾ ಸುದ್ಧಾ. ಹಸಿ ಪಕ್ಕ 'ಕೊಳಿಯೋದು' ಅಂತ, ಒಣ ಪಕ್ಕ 'ಕೊಳೀಲಾರದ್ದು' ಅಂತ ಸೇರಿಸಿದೆ.

ಎರಡನೇದಾಕಿ ನಮ್ಮ ಮನಿ ಕೆಲಸಕ್ಕ ಬರಾಕಿ. ನಮ್ಮ ಓಣಿಯ ಐದು ಮನಿ ಕಸ ಹೊರಗ ಒಯ್ಯಾಕಿನ ಅಕಿ, ಓದಲಿಕ್ಕೆ ಬರೂದಿಲ್ಲ. ಗ್ರೂಪಿನ್ಯಾಗನೂ ಇಲ್ಲ. ಅಕಿ ಬರೋದ ಎಂಟಕ್ಕ! ಅಂದ್ರ ಖರೇ ಕಸ ಕೊಡಾಕಿಗೆ ನೋಟಿಸ್ ಮುಟ್ಟೇ ಇಲ್ಲ, ಮುಟ್ಟಿದ್ರೂ ಉಪಯೋಗ ಇಲ್ಲ. "ಅಕ್ಕಾರ, ನಾ ಏಳರ ಒಳಗ ಬರಾಕ ಆಗಂಗಿಲ್ಲ, ನಮ್ಮನ್ಯಾಗೂ ಹುಡುಗ್ರದಾವು" ಅಂದ್ಲು. ಅದಕ್ಕ ಆ ಐದೂ ಮನಿಗೆ ಹೋಗಿ ಬಾಯಿಲೆ ಹೇಳಿದೆ, ಇನ್ನ ಮ್ಯಾಲೆ ಕಸ ಕೊಡೋದು ನಿಮ್ಮ ಕೆಲಸ, ಅಕೀದಲ್ಲ ಅಂತ. ಅದರಾಗ ನಮ್ಮ ಮನಿನೂ ಒಂದು. ಮುಂಜಾನೆ ಬಕೆಟ್ ಈಗ ನಮ್ಮನಿಯವ್ರ ಕೈಯಾಗ ಅದ.

ಅಕಿ ಸಲುವಾಗಿ, ಸಣ್ಣ ಹುಡುಗ್ರ ಸಲುವಾಗಿ ಹಾಳಿ ಮ್ಯಾಲೆ ಒಂದು ಗಡಿಯಾರದ ಚಿತ್ರ ತಗಿಯೋಣ ಅಂದ್ವಿ. ಮಗಳು ಸಣ್ಣ ಮುಳ್ಳು ಆರರ ಮ್ಯಾಲೆ ಸರಿಯಾಗಿ ಇಟ್ಟು ದೊಡ್ಡದನ್ನ ಹನ್ನೊಂದರ ಮ್ಯಾಲೆ ಇಟ್ಟಳು. ಅದನ್ನ ಹಿಡದಾವ್ರು ಮೂಲಿಮನಿ ಅಜ್ಜಿ. ಭೂತಗನ್ನಡಿ ಹಿಡಕೊಂಡು ನೋಡಿ, "ಇದು ಐದು ಐವತ್ತೈದು ಆಗ್ತದಲ್ಲ ಕೂಸು. ಏಳಕ್ಕ ಐದು ನಿಮಿಷ ಕಮ್ಮಿ ಅಂದ್ರ ಸಣ್ಣ ಮುಳ್ಳು ಏಳರ ಹತ್ರ ಬಂದಿರಬೇಕು" ಅಂದ್ರು. ಅಜ್ಜಾರು ಎಚ್‌ಎಂಟಿ ಗಡಿಯಾರಕ್ಕ ಕೀಲಿ ಕೊಡೋದನ್ನ ನಲವತ್ತು ವರ್ಷ ನೋಡಿದಾವ್ರು ಅವರು, ಬಿಡತಾರೇನು! ಚಿತ್ರದ ಬಾಜೂಕ ಒಂದು ಸೂರ್ಯಾನೂ ಹುಟ್ಟಿದ. ಅಂವ ಮುಂಜಾನೆ ಅನ್ನೋದಕ್ಕ ಸಾಕ್ಷಿ.

ಆಮ್ಯಾಲೆ ಅಜ್ಜಿ ಕೇಳಿದ್ರು, "ಗಾಡಿ ತಪ್ಪಿದ್ರ ಏನ ಮಾಡಬೇಕವಾ?" ಆ ಪ್ರಶ್ನಿ ನೋಟಿಸಿನ್ಯಾಗ ಇರಲ ಇಲ್ಲ. ಸರ್ ಬರದದ್ದರಾಗೂ ಇಲ್ಲ, ನಾ ಬರದದ್ದರಾಗೂ ಇಲ್ಲ. ಕಂಬದ ಬುಡದ ಎಲ್ಲಾ ಚೀಲಾ ಆ ಬರೀಲಾರದ ಸಾಲಿನೊಳಗಿಂದನ ಬಂದಾವ.

ಸಂಘದ ಗಂಡಸರು ಬರೀಲಿಕ್ಕೆ ನಾಚಿಕೊಂಡಿದ್ದ ಇನ್ನೊಂದು ಸಾಲನ್ನೂ ನಾನ ಸೇರಿಸಿದೆ. ಕಡೀಕ ಹಾಳಿ ಹಿಂಗಾತು:

"ಕಸದ ಗಾಡಿ ಈಗ ಮುಂಜಾನೆ ಬರ್ತದ.
ನಾಲ್ಕನೇ ಕ್ರಾಸ್: ಮುಂಜಾನೆ 6.55ಕ್ಕ ಬಕೆಟ್ ತೊಗೊಂಡು ಗೇಟಿಗೆ ಬರ್ರಿ.
ಸೋಮವಾರ, ಜುಲೈ 1, 2024ರಿಂದ ಇದ ಟೈಮ್.
ಹಸಿ ಕಸ (ಕೊಳಿಯೋದು): ದಿನಾ ಕೊಡ್ರಿ. ರವಿವಾರ ಗಾಡಿ ಇಲ್ಲ.
ಒಣ ಕಸ (ಕೊಳೀಲಾರದ್ದು): ಬುಧವಾರ, ಶನಿವಾರ. ಇದು ಬದಲಾಗಿಲ್ಲ.
ಪ್ಯಾಡ್, ಡೈಪರ್: ಪೇಪರಿನ್ಯಾಗ ಸುತ್ತಿ ಬ್ಯಾರೆ ಕೊಡ್ರಿ, ದಿನಾ.
ಗಾಡಿ ತಪ್ಪಿದ್ರ: ಮನ್ಯಾಗ ಮುಚ್ಚಿ ಇಡ್ರಿ, ಮರುದಿನ ಕೊಡ್ರಿ. ಕಂಬದ ಕೆಳಗ ಇಡಬ್ಯಾಡ್ರಿ.
ಗೇಟಿಗೆ ಬರಲಿಕ್ಕೆ ಆಗದಾವ್ರು: ಬಾಜೂ ಮನಿಗೆ ಹೇಳ್ರಿ, ಅವರು ಕೊಡ್ತಾರ.
ಯಾಕ ಬದಲಾತು: ಒಂದ ಗಾಡಿ ಮೂರು ಓಣಿ ಮಾಡಬೇಕು, ತಡಾ ಆದ್ರ ರಸ್ತೆದಾಗ ತಿರಗೂದಿಲ್ಲ."

'ಇದು ಬದಲಾಗಿಲ್ಲ' ಅನ್ನೋ ಎರಡು ಶಬ್ದ ನೋಡಿ ಸರ್, ಬದಲಾಗದೇ ಇದ್ದದ್ದನ್ನ ಯಾಕ ಬರಿಯೋದು ಅಂದ್ರು. ನಾನು ಫೋನ್ ತೋರಿಸಿದೆ. ಗ್ರೂಪಿನ್ಯಾಗ ಹದಿನೆಂಟು ಮಂದಿ ಅದನ್ನ ಕೇಳಿದ್ರು.

ಸರ್ ಕೆಳಗ ಶಿಕ್ಕಾ ಹೊಡದು, ತಾರೀಖು ಹಾಕಿ, ಸಹಿ ಮಾಡಿದ್ರು. ತಾರೀಖು ಬೇಕ ಬೇಕು ನೋಡ್ರಿ. ಇಲ್ಲಾಂದ್ರ ಯಾರರ ದೀಪಾವಳಿಗೆ ಇದನ್ನ ಮತ್ತ ಕಳಸ್ತಾರ, ಟೈಮು ಮತ್ತ ಬದಲಾತೇನೋ ಅಂತ ಎಲ್ಲಾರೂ ಗಾಬರಿ ಆಗ್ತಾರ. ಜೂನ್ 30, ರವಿವಾರ ಹುಡುಗ್ರು ಮನಿಮನಿಗೆ ಹೋಗಿ ಗೇಟಿನ ಒಳಗಿನ ಬಾಜೂಕ, ಮಳಿ ಹತ್ತದಂಗ ಪ್ಲಾಸ್ಟಿಕ್ ಹಾಕಿ ಹಾಳಿ ಹಚ್ಚಿ ಬಂದ್ರು. ಗ್ರೂಪಿಗೆ ಫೋಟೋ ಅಲ್ಲ, ಅಕ್ಷರನ ಬರದು ಹಾಕಿದ್ವಿ, ಬೇಕಾದಾವ್ರು ದೊಡ್ಡದು ಮಾಡಿ ಓದಬಹುದು ಅಂತ. ಜೊತಿಗೆ ಅರ್ಧ ನಿಮಿಷದ ಧ್ವನಿ, ಸರ್ ಬಾಯಿಲೆ, ಒಂದನೇ ಸಲ ಅವರು ಮನಿ ಮಾತಿನ್ಯಾಗ ಮಾತಾಡಿದ್ದು. ಎರಡು ಸಲ ಕೆಮ್ಮಿದ್ದೂ ಅದರಾಗ ಬಂದದ.

ಜುಲೈ 1, ನಮ್ಮ ಕ್ರಾಸಿನ್ಯಾಗ ಇಪ್ಪತ್ತೆರಡರಾಗ ಹತ್ತೊಂಬತ್ತು ಮನಿ ಹೊರಗ ಬಂದ್ವು. ಉಳದದ್ದು ಮೂರು. ಒಂದು ಬೀಗ ಹಾಕಿದ ಮನಿ. ಒಂದ್ರಾಗ ರಾತ್ರಿ ಪಾಳಿ ಮುಗಿಸಿ ಎಂಟಕ್ಕ ಬರೋ ನರ್ಸಮ್ಮ, ಅಕಿ ಡಬ್ಬಿನ ಈಗ ಹಿಂದಿನ ದಿನಾನ ಬಾಜೂ ಮನಿ ಒಳಗಿನ ಕಟ್ಟಿಗೆ ಇಟ್ಟು ಹೋಗ್ತಾಳ. ಮೂರನೇ ಮನಿಯವ್ರು ಇವತ್ತಿಗೂ ಏಳೂವರಿಗೇನ ಏಳೋದು. ಅವರ ಮುಂದ ಯಾವ ನೋಟಿಸೂ ನಡಿಯೂದಿಲ್ಲ, ಬಿಡ್ರಿ. ಕಂಬದ ಬುಡ ಒಂದ ವಾರ ಹುಡುಗ್ರು ಕಾಯ್ದ್ರು, ಆಮ್ಯಾಲೆ ಅದು ತಾನ ಸ್ವಚ್ಛ ಉಳೀತು.

ಅಜ್ಜಿಗೆ ಗಾಡಿ ಹಾಡು ಕೇಳಸೂದಿಲ್ಲ. ಅದಕ್ಕ ನಮ್ಮನಿಯವ್ರು ಹೊರಗ ಹೋಗೋವಾಗ ಅಜ್ಜಿ ಗೇಟಿನ ಮ್ಯಾಲಿನ ಲೈಟು ಒಂದ ಸಲ ಹಾಕಿ ಆರಸ್ತಾರ. ಅದರ ಸ್ವಿಚ್ಚು ಹೊರಗ ಅದ. ಅಡಿಗಿಮನಿ ಕಿಡಕಿಯಿಂದ ಅದು ಅಜ್ಜಿಗೆ ಕಾಣ್ತದ, ಬಕೆಟ್ ತೊಗೊಂಡು ನಿಧಾನಕ್ಕ ಬರ್ತಾರ.

ನಾನು ಕ್ಷಮಾ ಕೇಳಲಿಕ್ಕೆ ಹೋಗಿದ್ದೆ. ಅಜ್ಜಿ ಮಾತು ಪೂರ್ತಿ ಆಗಗೊಡಲಿಲ್ಲ, ಕೈಯಾಗ ಒಂದು ಡಬ್ಬಿ ಇಟ್ಟರು. ಬಿಸಿ ಬಿಸಿ ಹೀರಿಕಾಯಿ ಪಲ್ಯಾ, ಅದರ ಮ್ಯಾಲಿನ ಸಣ್ಣ ಬಟ್ಟಲದಾಗ ಚಟ್ನಿ.

"ಸಿಪ್ಪಿದ ಚಟ್ನಿ ಮಾಡೀನವಾ" ಅಂದ್ರು. "ಇವತ್ತ ನಿಮ್ಮ ಗಾಡಿಗೆ ಕೊಡಲಿಕ್ಕೆ ನನ್ನ ಹತ್ರ ಏನೂ ಉಳದಿಲ್ಲ."